ಕಲ್ಯಾಣ ಮಂಟಪದ ನವೀಕರಣ: ಮೂರು ಅಂದಾಜುಗಳಿಂದ ನಂಬಬಹುದಾದ ದಿನಾಂಕಕ್ಕೆ ತಲುಪುವ ಸಮಗ್ರ ಮಾರ್ಗದರ್ಶಿ

ಪ್ರತಿಯೊಂದು ಕೆಲಸದ ಅವಧಿಗೂ ಆಶಾವಾದಿ, ಅತಿ ಸಂಭವನೀಯ, ನಿರಾಶಾವಾದಿ ಎಂಬ ಮೂರು ಅಂದಾಜುಗಳನ್ನು ಕೇಳಿ, ಸೂತ್ರಕ್ಕೆ ಹಾಕಿ, ಬಂದ ಅವಧಿಗಳನ್ನು ಕೂಡಿಸುವವರೆಗೆ ಹೆಚ್ಚಿನವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೂ ಮಾಲೀಕರಿಗೆ ಹೇಳಿದ ದಿನಾಂಕಕ್ಕೆ ಮಂಟಪ ಸಿದ್ಧವಾಗುವುದಿಲ್ಲ. ತಪ್ಪು ಸೂತ್ರದ್ದಲ್ಲ. ಅಂದಾಜುಗಳನ್ನು ಕೇಳುವ ರೀತಿಯಲ್ಲಿ ಒಂದು ತಪ್ಪು ನಡೆಯುತ್ತದೆ. ಅತಿ ಉದ್ದದ ದಾರಿಯೊಂದನ್ನೇ ನೋಡಿ ಪಕ್ಕದ ದಾರಿಗಳನ್ನು ಕೈಬಿಡುವುದರಲ್ಲಿ ಇನ್ನೊಂದು ನಡೆಯುತ್ತದೆ. ಈ ಬರಹದಲ್ಲಿ ಒಂಬತ್ತು ಕೆಲಸಗಳ ಒಂದು ಚಿಕ್ಕ ನವೀಕರಣ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ, ಆ ಎರಡು ತಪ್ಪುಗಳು ಎಲ್ಲಿ ನುಸುಳುತ್ತವೆ ಎಂಬುದನ್ನು ತೋರಿಸಲಾಗಿದೆ.

## ಹಂತ 1: ದಿನ ಎಂದರೆ ಯಾವ ದಿನ ಎಂಬುದನ್ನು ಮೊದಲು ನಿಗದಿಪಡಿಸಿ

ಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ. ಯಾವ ಕೆಲಸದ ನಂತರ ಯಾವುದು ಎಂದು ತೋರಿಸುವ ಜಾಲವನ್ನು ಬಿಡಿಸಲು ದೊಡ್ಡ ಹಾಳೆ, ಲೆಕ್ಕಕ್ಕೆ ಸ್ಪ್ರೆಡ್‌ಶೀಟ್, ಹಾಗೂ ಪ್ರತಿ ಕೆಲಸವನ್ನು ನಿಜವಾಗಿ ಮಾಡುವವರ ಜೊತೆ ಮಾತಾಡಲು ಸ್ವಲ್ಪ ಸಮಯ ಇದ್ದರೆ ಸಾಕು.

ಸ್ಪ್ರೆಡ್‌ಶೀಟ್ ತೆರೆಯುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಟೈಲ್ಸ್ ಮೇಸ್ತ್ರಿ ಹನ್ನೆರಡು ದಿನ ಎಂದಾಗ ಅವರ ಮನಸ್ಸಿನಲ್ಲಿರುವುದು ಕೆಲಸ ನಡೆಯುವ ದಿನಗಳು. ದೀಪಗಳನ್ನು ಪೂರೈಸುವವರು ನಲವತ್ತೈದು ದಿನ ಎಂದಾಗ ಅವರು ಎಣಿಸುತ್ತಿರುವುದು ರಜೆಯೂ ಸೇರಿದ ಕ್ಯಾಲೆಂಡರ್ ದಿನಗಳು. ಇವೆರಡನ್ನು ಒಂದೇ ಪಟ್ಟಿಗೆ ಹಾಗೆಯೇ ಸೇರಿಸಿದರೆ ಮುಂದಿನ ಲೆಕ್ಕವೆಲ್ಲ ಹಾಳಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕೆಲಸದ ದಿನಗಳಿಗೆ ಪರಿವರ್ತಿಸಿಕೊಂಡು, ಕೊನೆಯಲ್ಲಿ ಬರುವ ಒಟ್ಟು ಅವಧಿಯನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಇಡಿ. ಕೆಳಗಿನ ಉದಾಹರಣೆಯ ಅಂಕಿಗಳೆಲ್ಲವೂ ಕೆಲಸದ ದಿನಗಳೇ.

## ಹಂತ 2: ಅವಧಿ ಕೇಳುವ ಮೊದಲು ಜಾಲವನ್ನು ಬಿಡಿಸಿ

ಯಾವುದರ ನಂತರ ಯಾವುದು ಎಂಬುದು ಖಚಿತವಾಗದೆ ಅವಧಿಯನ್ನು ಕೇಳಿದರೆ ಎಲೆಕ್ಟ್ರಿಷಿಯನ್ ತನ್ನ ಅಂದಾಜಿನೊಳಗೆ ಕೆಡವುವವರಿಗಾಗಿ ಕಾಯುವ ದಿನಗಳನ್ನೂ ಸೇರಿಸಿಬಿಡುತ್ತಾರೆ. ಆ ದಿನಗಳು ಜಾಲದಲ್ಲಿ ಮತ್ತೊಮ್ಮೆ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಅನುಕ್ರಮ ಮೊದಲು, ಅವಧಿ ಆಮೇಲೆ.

ನಮ್ಮ ಮಂಟಪದಲ್ಲಿ ಮೊದಲು ಹಳೆಯ ಸೀಲಿಂಗ್, ನೆಲ ಮತ್ತು ವೈರಿಂಗ್‌ಗಳನ್ನು ತೆಗೆಯಬೇಕು. ಅದು ಮುಗಿದ ಮೇಲೆ ಮೂರು ಕೆಲಸಗಳು ಜೊತೆಜೊತೆಯಾಗಿ ಆರಂಭವಾಗಬಹುದು: ಛಾವಣಿಯ ಸೋರಿಕೆಯ ದುರಸ್ತಿ, ಹೊಸ ವೈರಿಂಗ್, ಮತ್ತು ಶೌಚಾಲಯ ಹಾಗೂ ಅಡುಗೆಮನೆಯ ನೀರಿನ ಪೈಪುಗಳು. ಸೋರಿಕೆ ನಿಲ್ಲದೆ, ವೈರುಗಳು ಮೇಲೆ ಹೋಗದೆ ಫಾಲ್ಸ್ ಸೀಲಿಂಗ್ ಮುಚ್ಚುವಂತಿಲ್ಲ. ಹಾಗಾಗಿ ಸೀಲಿಂಗ್ ಅವೆರಡಕ್ಕೂ ಕಾಯುತ್ತದೆ. ಸೀಲಿಂಗಿನ ಸಾರುವೆ ಸಭಾಂಗಣದಲ್ಲಿ ನಿಂತಿರುವಾಗ ನೆಲಕ್ಕೆ ಟೈಲ್ಸ್ ಹಾಕಲಾಗದ ಕಾರಣ ನೆಲಹಾಸು ಸೀಲಿಂಗಿನ ನಂತರ ಬರುತ್ತದೆ. ನೆಲದಡಿಯ ಪೈಪುಗಳೂ ಅಷ್ಟರೊಳಗೆ ಮುಗಿದಿರಬೇಕು. ಆಮೇಲೆ ಬಣ್ಣ, ಕೊನೆಗೆ ದೀಪ, ಫ್ಯಾನು ಮತ್ತು ವೇದಿಕೆಯ ಸಾಮಗ್ರಿಗಳ ಅಳವಡಿಕೆ ಮತ್ತು ಪರೀಕ್ಷೆ.

ಒಂಬತ್ತನೆಯ ಕೆಲಸವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ವೇದಿಕೆಗಾಗಿಯೇ ಮಾಡಿಸುವ ತೂಗುದೀಪಗಳನ್ನು ಆರ್ಡರ್ ಮಾಡಿ ತರಿಸಿಕೊಳ್ಳಬೇಕಾಗಿದೆ. ನಿವೇಶನದಲ್ಲಿ ಯಾರೂ ಬೆವರು ಸುರಿಸದಿದ್ದರೂ ಅದು ಅವಧಿ ಇರುವ ಕೆಲಸವೇ. ಅದು ಮೊದಲ ದಿನ ಆರಂಭವಾಗಿ ನೇರವಾಗಿ ಅಳವಡಿಕೆಗೆ ಬಂದು ಸೇರುತ್ತದೆ.

ಎಚ್ಚರಿಕೆಯ ಲಕ್ಷಣ: ನೀವು ಬಿಡಿಸಿದ ಜಾಲ ಒಂದೇ ಸರಪಳಿಯಂತೆ ಕಾಣುತ್ತಿದ್ದರೆ, ಅಥವಾ ತರಿಸುವ, ಒಣಗುವ, ಪರೀಕ್ಷಿಸುವ ಕೆಲಸಗಳು ಅದರಲ್ಲಿ ಎಲ್ಲಿಯೂ ಇಲ್ಲದಿದ್ದರೆ, ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ಮೂರು ಅಂದಾಜುಗಳನ್ನು ಸರಿಯಾದ ಕ್ರಮದಲ್ಲಿ ಕೇಳಿ

ಇಡೀ ವಿಧಾನದ ಬೆಲೆ ಈ ಹಂತದ ಮೇಲೆ ನಿಂತಿದೆ. ಮೂರು ಸಂಖ್ಯೆಗಳ ಅರ್ಥವನ್ನು ಕೇಳುವವರೂ ಹೇಳುವವರೂ ಒಂದೇ ರೀತಿಯಲ್ಲಿ ತಿಳಿದಿರಬೇಕು. ಆಶಾವಾದಿ ಅಂದಾಜು ಎಂದರೆ ಎಲ್ಲವೂ ಅನುಕೂಲವಾಗಿ ಒದಗಿಬಂದಾಗ ತಗಲುವ ಅವಧಿ. ಅದಕ್ಕಿಂತ ಬೇಗ ಮುಗಿಯುವುದು ನೂರರಲ್ಲಿ ಒಂದು ಬಾರಿಯಷ್ಟೇ ಅಪರೂಪವಾಗಿರಬೇಕು. ಅತಿ ಸಂಭವನೀಯ ಅಂದಾಜು ಎಂದರೆ ಅದೇ ಕೆಲಸವನ್ನು ಅನೇಕ ಸಲ ಮಾಡಿದಾಗ ಹೆಚ್ಚು ಬಾರಿ ಕಂಡುಬರುವ ಅವಧಿ. ನಿರಾಶಾವಾದಿ ಅಂದಾಜು ಎಂದರೆ ಬರಬಹುದಾದ ಸಾಮಾನ್ಯ ತೊಡಕುಗಳೆಲ್ಲ ಬಂದಾಗ ತಗಲುವ ಅವಧಿ. ಬೆಂಕಿ, ಭೂಕಂಪ, ಯೋಜನೆಯೇ ನಿಂತುಹೋಗುವಂತಹ ಘಟನೆಗಳು ಇದರಲ್ಲಿ ಸೇರುವುದಿಲ್ಲ.

ಮಧ್ಯದ ಸಂಖ್ಯೆಯನ್ನು, ಅಂದರೆ ಅತಿ ಸಂಭವನೀಯ ಅಂದಾಜನ್ನು, ಮೊದಲು ಕೇಳಬೇಡಿ. ಒಂಬತ್ತು ದಿನ ಎಂದು ಒಮ್ಮೆ ಬಾಯಿಂದ ಬಂದರೆ ಮನಸ್ಸು ಅಲ್ಲಿಯೇ ನೆಲೆಯೂರುತ್ತದೆ. ಆಮೇಲೆ ಹೇಳುವ ಎರಡು ತುದಿಗಳೂ ಅದರ ಅಕ್ಕಪಕ್ಕದಲ್ಲೇ, ಎಂಟು ಮತ್ತು ಹನ್ನೊಂದು ಎಂಬಂತೆ, ಬರುತ್ತವೆ. ಮೊದಲು ಕೆಟ್ಟ ತುದಿಯನ್ನು ಕೇಳಿ, ಅದೂ ಸಂಖ್ಯೆಗಿಂತ ಮೊದಲು ಕಾರಣವನ್ನು ಕೇಳಿ. ಛಾವಣಿಯ ಕೆಲಸ ಮಾಡುವವರ ಜೊತೆಗಿನ ಮಾತು ಹೀಗೆ ಸಾಗಬಹುದು:

"ಈ ಛಾವಣಿಯ ಕೆಲಸ ತಡವಾಗುವುದಾದರೆ ಯಾವುದರಿಂದ ತಡವಾಗುತ್ತದೆ, ಮೇಸ್ತ್ರಿಗಳೇ?"

"ಕೆತ್ತಿ ನೋಡಿದಾಗ ಕಬ್ಬಿಣ ತುಕ್ಕು ಹಿಡಿದಿದ್ದರೆ ಆ ಜಾಗವನ್ನೆಲ್ಲ ಬಿಡಿಸಿ ಮತ್ತೆ ಕಟ್ಟಬೇಕಾಗುತ್ತದೆ. ನೀರು ನಿಲ್ಲಿಸಿ ನೋಡಿದಾಗ ಮತ್ತೆ ಜಿನುಗಿದರೆ ಇನ್ನೊಮ್ಮೆ ಮಾಡಬೇಕು."

"ಅವೆರಡೂ ಆದರೆ ಎಷ್ಟು ದಿನ ಹಿಡಿಯುತ್ತದೆ?"

"ಹದಿನೆಂಟು ದಿನ ಬೇಕಾಗುತ್ತದೆ."

ಕಾರಣದಿಂದ ಹುಟ್ಟಿದ ಈ ಹದಿನೆಂಟಕ್ಕೆ ಒಂದು ಆಧಾರವಿದೆ. ಒಂಬತ್ತಕ್ಕೆ ಎರಡು ಸೇರಿಸಿ ಹೇಳಿದ ಹನ್ನೊಂದಕ್ಕೆ ಯಾವ ಆಧಾರವೂ ಇಲ್ಲ. ಕೆಟ್ಟ ತುದಿಯ ನಂತರ ಒಳ್ಳೆಯ ತುದಿಯನ್ನು, ಕೊನೆಗೆ ಮಧ್ಯದ್ದನ್ನು ಕೇಳಿ ಬರೆದುಕೊಳ್ಳಿ. ಒಬ್ಬೊಬ್ಬರನ್ನೂ ಬೇರೆಯಾಗಿಯೇ ಕೇಳಿ, ಏಕೆಂದರೆ ಗುತ್ತಿಗೆದಾರರ ಎದುರಿಗೆ ಕೆಲಸಗಾರರು ತಮ್ಮ ಕೆಟ್ಟ ತುದಿಯನ್ನು ಹೇಳುವುದೇ ಇಲ್ಲ.

ಎಚ್ಚರಿಕೆಯ ಲಕ್ಷಣ: ಮೂರು ಸಂಖ್ಯೆಗಳು ಮಧ್ಯದಿಂದ ಎರಡೂ ಕಡೆಗೆ ಸಮಾನ ದೂರದಲ್ಲಿದ್ದರೆ ಅನುಮಾನಿಸಿ. ನವೀಕರಣದಲ್ಲಿ ಹಳೆಯ ಗೋಡೆ, ನೆಲಗಳ ಒಳಗೆ ಏನಿದೆ ಎಂಬುದು ತೆರೆಯುವವರೆಗೆ ಗೊತ್ತಿರುವುದಿಲ್ಲ. ಹಾಗಾಗಿ ಬೇಗ ಮುಗಿಯುವ ಅವಕಾಶ ಕಡಿಮೆ, ತಡವಾಗುವ ಅವಕಾಶ ಹೆಚ್ಚು. ಕೆಟ್ಟ ತುದಿ ಮಧ್ಯದಿಂದ ಹೆಚ್ಚು ದೂರದಲ್ಲಿರುವುದೇ ಸಹಜ.

## ಹಂತ 4: ನಿರೀಕ್ಷಿತ ಅವಧಿ ಮತ್ತು ವೇರಿಯನ್ಸ್ ಲೆಕ್ಕ ಹಾಕಿ

ನಿರೀಕ್ಷಿತ ಅವಧಿಯಲ್ಲಿ ಮಧ್ಯದ ಅಂದಾಜಿಗೆ ನಾಲ್ಕು ಪಾಲು, ಎರಡು ತುದಿಗಳಿಗೆ ಒಂದೊಂದು ಪಾಲು ಕೊಟ್ಟು, ಮೊತ್ತವನ್ನು ಆರರಿಂದ ಭಾಗಿಸಲಾಗುತ್ತದೆ. ಅವಧಿ ಎಷ್ಟರಮಟ್ಟಿಗೆ ಹಿಂದೆಮುಂದೆ ಆಗಬಹುದು ಎಂಬುದನ್ನು ಹೇಳುವುದು ಮಾನಕ ವಿಚಲನೆ. ಅದು ಎರಡು ತುದಿಗಳ ಅಂತರದ ಆರನೆಯ ಒಂದು ಭಾಗ. ಅದರ ವರ್ಗವೇ ವೇರಿಯನ್ಸ್. ಸ್ಪ್ರೆಡ್‌ಶೀಟಿನ ಮೊದಲ ಕಂಬಸಾಲಿನಲ್ಲಿ ಕೆಲಸದ ಹೆಸರು, ಮುಂದಿನ ಮೂರರಲ್ಲಿ ಆಶಾವಾದಿ, ಮಧ್ಯದ ಮತ್ತು ನಿರಾಶಾವಾದಿ ಅಂದಾಜುಗಳಿದ್ದರೆ ಸೂತ್ರಗಳು ಇವು:

```
=(B2+4*C2+D2)/6
=((D2-B2)/6)^2
```

ನಮ್ಮ ಯೋಜನೆಯ ಫಲಿತಾಂಶ ಹೀಗಿದೆ:

| ಕೆಲಸ | ಆಶಾವಾದಿ | ಮಧ್ಯ | ನಿರಾಶಾವಾದಿ | ನಿರೀಕ್ಷಿತ | ವೇರಿಯನ್ಸ್ |
|---|---|---|---|---|---|
| ಕೆಡವುವುದು | 4 | 5 | 12 | 6 | 1.78 |
| ಛಾವಣಿ ದುರಸ್ತಿ | 6 | 9 | 18 | 10 | 4.00 |
| ವೈರಿಂಗ್ | 7 | 8 | 15 | 9 | 1.78 |
| ನೀರಿನ ಪೈಪು | 5 | 8 | 11 | 8 | 1.00 |
| ಫಾಲ್ಸ್ ಸೀಲಿಂಗ್ | 8 | 10 | 18 | 11 | 2.78 |
| ನೆಲಹಾಸು | 9 | 12 | 21 | 13 | 4.00 |
| ಬಣ್ಣ | 5 | 7 | 15 | 8 | 2.78 |
| ಅಳವಡಿಕೆ | 3 | 4 | 5 | 4 | 0.11 |
| ದೀಪಗಳ ಆರ್ಡರ್ | 30 | 40 | 68 | 43 | 40.11 |

ಪ್ಲಂಬರ್ ಹೇಳಿದ 5, 8, 11 ಎರಡೂ ಕಡೆಗೆ ಸಮಾನವಾಗಿದೆ, ಅಂದರೆ ಅನುಮಾನಾಸ್ಪದವಾಗಿದೆ. ಆದರೆ ಅವರನ್ನು ಮತ್ತೆ ಕೇಳುವ ಮೊದಲು ಮುಂದಿನ ಹಂತವನ್ನು ಮುಗಿಸಿ. ಆ ಸಂಖ್ಯೆಗೆ ಅಷ್ಟು ಶ್ರಮ ಸಲ್ಲುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಆರರಿಂದ ಭಾಗಿಸುವುದು ಸರಿಯಾಗಬೇಕಾದರೆ ಎರಡು ತುದಿಗಳು ನಿಜವಾಗಿ ತೀರಾ ಅಪರೂಪವಾಗಿರಬೇಕು. ಮೇಸ್ತ್ರಿಯ ಕೆಟ್ಟ ತುದಿ ಇಪ್ಪತ್ತು ಸಲಕ್ಕೊಮ್ಮೆ ಕಾಣುವಂಥದ್ದು, ಒಳ್ಳೆಯ ತುದಿಯೂ ಹಾಗೆಯೇ ಎಂದು ಮಾತಿನಲ್ಲಿ ಗೊತ್ತಾದರೆ ಮಾನಕ ವಿಚಲನೆಗೆ ಆರರ ಬದಲು ಸುಮಾರು 3.2ರಿಂದ ಭಾಗಿಸುವುದು ವಾಸ್ತವಕ್ಕೆ ಹತ್ತಿರ. ಆಗ ನೆಲಹಾಸಿನ ಮಾನಕ ವಿಚಲನೆ 2 ದಿನಗಳಿಂದ 3.75 ದಿನಗಳಿಗೆ ಏರುತ್ತದೆ.

## ಹಂತ 5: ಮುಂದಕ್ಕೂ ಹಿಂದಕ್ಕೂ ನಡೆದು ಬಿಡುವನ್ನು ಗುರುತಿಸಿ

ನಿರೀಕ್ಷಿತ ಅವಧಿಗಳನ್ನು ಇಟ್ಟುಕೊಂಡು ಮೊದಲ ದಿನದಿಂದ ಮುಂದಕ್ಕೆ ನಡೆಯಿರಿ. ಎರಡು ದಾರಿಗಳು ಒಂದೆಡೆ ಕೂಡಿದಲ್ಲಿ ತಡವಾಗಿ ಬಂದದ್ದನ್ನೇ ತೆಗೆದುಕೊಳ್ಳಿ. ಕೆಡವುವುದು 6ಕ್ಕೆ, ಛಾವಣಿ 16ಕ್ಕೆ, ವೈರಿಂಗ್ 15ಕ್ಕೆ ಮುಗಿಯುತ್ತವೆ. ಸೀಲಿಂಗ್ 16ಕ್ಕೆ ಆರಂಭವಾಗಿ 27ಕ್ಕೆ, ನೆಲಹಾಸು 40ಕ್ಕೆ, ಬಣ್ಣ 48ಕ್ಕೆ, ಅಳವಡಿಕೆ 52ಕ್ಕೆ ಮುಗಿಯುತ್ತವೆ. ನಿರೀಕ್ಷಿತ ಒಟ್ಟು ಅವಧಿ 52 ದಿನಗಳು.

ಬಳಿಕ 52ರಿಂದ ಹಿಂದಕ್ಕೆ ಬಂದು, ಒಟ್ಟು ಅವಧಿ ಕೆಡದಂತೆ ಪ್ರತಿ ಕೆಲಸ ಎಷ್ಟು ತಡವಾಗಿ ಮುಗಿಯಬಹುದು ಎಂದು ನೋಡಿ. ಕೆಡವುವುದು, ಛಾವಣಿ, ಸೀಲಿಂಗ್, ನೆಲಹಾಸು, ಬಣ್ಣ, ಅಳವಡಿಕೆ ಇವುಗಳಿಗೆ ಬಿಡುವೇ ಇಲ್ಲ. ಇದೇ ಕ್ರಿಟಿಕಲ್ ಪಾತ್. ವೈರಿಂಗಿಗೆ 1 ದಿನ, ದೀಪಗಳ ಆರ್ಡರಿಗೆ 5 ದಿನ, ನೀರಿನ ಪೈಪಿಗೆ 13 ದಿನಗಳ ಬಿಡುವಿದೆ. ಪೈಪಿನ ಕೆಲಸ ಅದರ ಕೆಟ್ಟ ತುದಿಯಾದ 11 ದಿನಗಳನ್ನು ತೆಗೆದುಕೊಂಡರೂ 17ನೆಯ ದಿನ ಮುಗಿಯುತ್ತದೆ, ನೆಲಹಾಸು ಆರಂಭವಾಗುವುದು 27ರ ನಂತರ. ಆದ್ದರಿಂದ ಪ್ಲಂಬರನ್ನು ಮತ್ತೆ ಕೇಳುವ ಅಗತ್ಯವಿಲ್ಲ. ಆ ಸಮಯವನ್ನು ದೀಪಗಳನ್ನು ಪೂರೈಸುವವರ ಜೊತೆ ಕಳೆಯುವುದೇ ಮೇಲು.

## ಹಂತ 6: ಆ ದಿನಾಂಕ ಎಷ್ಟು ಗಟ್ಟಿ ಎಂದು ಅಳೆಯಿರಿ

ಕ್ರಿಟಿಕಲ್ ಪಾತ್‌ನ ಆರು ಕೆಲಸಗಳ ವೇರಿಯನ್ಸ್‌ಗಳನ್ನು ಕೂಡಿಸಿದರೆ 15.44 ಬರುತ್ತದೆ, ಅದರ ವರ್ಗಮೂಲ 3.93 ದಿನಗಳು. ಇಲ್ಲಿ ಆಗಾಗ ಕಾಣುವ ತಪ್ಪೆಂದರೆ ಮಾನಕ ವಿಚಲನೆಗಳನ್ನೇ ನೇರವಾಗಿ ಕೂಡಿಸುವುದು. ಹಾಗೆ ಮಾಡಿದರೆ 9 ದಿನಗಳು ಬರುತ್ತವೆ, ಎಲ್ಲ ಕೆಲಸಗಳೂ ಒಟ್ಟಿಗೇ ಹಿಗ್ಗಿ ಒಟ್ಟಿಗೇ ಕುಗ್ಗುತ್ತವೆ ಎಂದು ಭಾವಿಸಿದಂತಾಗುತ್ತದೆ. ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಡವಾಗುವುದಾದರೆ ಕೂಡಿಸಬೇಕಾದದ್ದು ವೇರಿಯನ್ಸ್‌ಗಳನ್ನು ಮಾತ್ರ.

ಹಾಗಿದ್ದರೂ 9 ಎಂಬ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಸೀಲಿಂಗ್, ನೆಲಹಾಸು, ಬಣ್ಣ ಮೂರನ್ನೂ ಒಂದೇ ತಂಡ ಮಾಡುತ್ತಿದ್ದರೆ, ಅಥವಾ ಛಾವಣಿಯನ್ನು ತಡಮಾಡುವ ತೇವವೇ ಗೋಡೆಯ ಪುಟ್ಟಿ ಒಣಗುವುದನ್ನೂ ತಡಮಾಡುತ್ತಿದ್ದರೆ ಕೆಲಸಗಳು ಪರಸ್ಪರ ಸಂಬಂಧವಿಲ್ಲದವು ಎನ್ನಲಾಗುವುದಿಲ್ಲ. ಆಗ ನಿಜವಾದ ಹರವು 3.93 ಮತ್ತು 9ರ ನಡುವೆ ಎಲ್ಲೋ ಇರುತ್ತದೆ.

ಒಂದು ದಿನಾಂಕದೊಳಗೆ ಈ ದಾರಿ ಮುಗಿಯುವ ಸಂಭವನೀಯತೆಯನ್ನು ಸ್ಪ್ರೆಡ್‌ಶೀಟೇ ಹೇಳುತ್ತದೆ:

```
=NORM.DIST(58,52,3.93,TRUE)
```

58 ದಿನಗಳಿಗೆ ಉತ್ತರ ಸುಮಾರು 94 ಪ್ರತಿಶತ. 52ಕ್ಕೆ 50 ಪ್ರತಿಶತ. ಈಗ ಮೂರು ಅಂದಾಜುಗಳ ಗೊಡವೆಯೇ ಬೇಡವೆಂದು ಮಧ್ಯದ ಸಂಖ್ಯೆಗಳನ್ನಷ್ಟೇ ಕೂಡಿಸುವವರ ದಿನಾಂಕವನ್ನು ಪರೀಕ್ಷಿಸಿ. ಇದೇ ದಾರಿಯಲ್ಲಿ 5, 9, 10, 12, 7, 4 ಕೂಡಿದರೆ 47 ದಿನಗಳಾಗುತ್ತವೆ. ಅಷ್ಟರೊಳಗೆ ಮುಗಿಯುವ ಸಂಭವನೀಯತೆ ಸುಮಾರು 10 ಪ್ರತಿಶತ. ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ಪ್ರಾಮಾಣಿಕವಾಗಿಯೇ ಹೇಳಿದ್ದಾರೆ. ಆದರೂ ಮೊತ್ತ ಹತ್ತರಲ್ಲಿ ಒಂಬತ್ತು ಬಾರಿ ತಪ್ಪುತ್ತದೆ, ಏಕೆಂದರೆ ಪ್ರತಿ ಕೆಲಸದಲ್ಲೂ ತಡವಾಗುವ ಕಡೆಗೇ ಇರುವ ಉದ್ದನೆಯ ಬಾಲವನ್ನು ಆ ಮೊತ್ತ ಕತ್ತರಿಸಿಹಾಕಿದೆ.

ಇನ್ನೊಂದು ತುದಿಯಲ್ಲಿ ನಿರಾಶಾವಾದಿ ಅಂದಾಜುಗಳನ್ನೆಲ್ಲ ಕೂಡಿಸಿ 89 ದಿನ ಎನ್ನುವವರಿದ್ದಾರೆ. ಆರೂ ಕೆಲಸಗಳು ಒಂದೇ ಬಾರಿ ತಮ್ಮ ಅತಿ ಕೆಟ್ಟ ಸ್ಥಿತಿಗೆ ಹೋಗುವುದು ನಡೆಯದ ಮಾತು.

## ಹಂತ 7: ಪಕ್ಕದ ದಾರಿಗಳನ್ನು ಲೆಕ್ಕಕ್ಕೆ ತನ್ನಿ

ಹೆಚ್ಚಿನವರು 94 ಪ್ರತಿಶತವನ್ನು ನೋಡಿ ಇಲ್ಲಿಗೇ ನಿಲ್ಲಿಸುತ್ತಾರೆ. ಆ ಸಂಖ್ಯೆ ಒಂದು ದಾರಿಗೆ ಮಾತ್ರ ಸಂಬಂಧಿಸಿದ್ದು. ಮಂಟಪ ಸಿದ್ಧವಾಗಬೇಕಾದರೆ ಎಲ್ಲ ದಾರಿಗಳೂ ಮುಗಿದಿರಬೇಕು.

ದೀಪಗಳ ದಾರಿಯನ್ನು ನೋಡಿ. ಆರ್ಡರಿಗೆ 43, ಅಳವಡಿಕೆಗೆ 4, ಒಟ್ಟು 47 ದಿನಗಳು. 5 ದಿನಗಳ ಬಿಡುವಿರುವುದರಿಂದ ಅದು ಕ್ರಿಟಿಕಲ್ ಅಲ್ಲ ಎಂದು ಸಾಮಾನ್ಯ ಲೆಕ್ಕ ಹೇಳುತ್ತದೆ. ಆದರೆ ಅದರ ವೇರಿಯನ್ಸ್ 40.22, ಮಾನಕ ವಿಚಲನೆ 6.34 ದಿನಗಳು, ಕ್ರಿಟಿಕಲ್ ಪಾತ್‌ನದಕ್ಕಿಂತಲೂ ಹೆಚ್ಚು. ಅದರ ಬಿಡುವು ಅದರದೇ ಹರವಿಗಿಂತ ಕಡಿಮೆ. 52 ದಿನಗಳೊಳಗೆ ಈ ದಾರಿ ಮುಗಿಯುವ ಸಂಭವನೀಯತೆ ಸುಮಾರು 78 ಪ್ರತಿಶತ. ಎರಡು ದಾರಿಗಳು ಹಂಚಿಕೊಂಡಿರುವುದು ಚಿಕ್ಕದಾದ ಅಳವಡಿಕೆಯನ್ನು ಮಾತ್ರ, ಆದ್ದರಿಂದ ಎರಡು ಸಂಭವನೀಯತೆಗಳನ್ನು ಗುಣಿಸಬಹುದು. 52 ದಿನಗಳಿಗೆ 50 ಎಂದುಕೊಂಡದ್ದು 39 ಪ್ರತಿಶತಕ್ಕೆ ಇಳಿಯುತ್ತದೆ; 58 ದಿನಗಳಿಗೆ 94 ಎಂದುಕೊಂಡದ್ದು 90ಕ್ಕೆ ಇಳಿಯುತ್ತದೆ.

ವೈರಿಂಗಿನ ದಾರಿ ಬೇರೆ ಬಗೆಯದು. ಅದು ಛಾವಣಿಯ ದಾರಿಯೊಡನೆ ಬಹುತೇಕ ಎಲ್ಲ ಕೆಲಸಗಳನ್ನೂ ಹಂಚಿಕೊಂಡಿರುವುದರಿಂದ ಗುಣಿಸುವುದು ತಪ್ಪಾಗುತ್ತದೆ. ಇಲ್ಲಿ ನೋಡಬೇಕಾದದ್ದು ಅವೆರಡು ಕೂಡುವ ಜಾಗವನ್ನು, ಅಂದರೆ ಸೀಲಿಂಗಿನ ಆರಂಭವನ್ನು. ಛಾವಣಿಗೆ ಸರಾಸರಿ 10, ವೈರಿಂಗಿಗೆ ಸರಾಸರಿ 9 ಇದ್ದರೂ, ಸರಿಸುಮಾರು ಮೂರರಲ್ಲಿ ಒಂದು ಬಾರಿ ವೈರಿಂಗೇ ತಡವಾಗಿ ಮುಗಿಯುತ್ತದೆ. ಸೀಲಿಂಗಿನವರು ಕಾಯುವುದು ಎರಡರಲ್ಲಿ ಯಾವುದು ತಡವೋ ಅದಕ್ಕೆ. ಹಾಗಾಗಿ ಅವರ ಸರಾಸರಿ ಆರಂಭ 16ಕ್ಕಲ್ಲ, ಸುಮಾರು ಅರ್ಧ ದಿನ ತಡವಾಗಿ ಬರುತ್ತದೆ. ಛಾವಣಿ ಬೇಗ ಮುಗಿದರೂ ವೈರಿಂಗ್ ಅದರ ಲಾಭವನ್ನು ತಿಂದುಹಾಕುತ್ತದೆ, ಛಾವಣಿ ತಡವಾದರೆ ಮಾತ್ರ ಆ ತಡ ಪೂರ್ತಿಯಾಗಿ ಮುಂದಕ್ಕೆ ಹೋಗುತ್ತದೆ. ಈ ಅರ್ಧ ದಿನವನ್ನು ಸೇರಿಸಿದರೆ 58 ದಿನಗಳ ಸಂಭವನೀಯತೆ 90ಕ್ಕಿಂತ ತುಸು ಕೆಳಗೆ, 60 ದಿನಗಳದ್ದು 95ರ ಆಸುಪಾಸಿನಲ್ಲಿ ಇರುತ್ತದೆ.

ಯಾವ ದಾರಿಯನ್ನು ಪರೀಕ್ಷಿಸಬೇಕು ಎಂಬುದಕ್ಕೆ ಸರಳ ಅಳತೆ: ದಾರಿಯ ಬಿಡುವು ಅದರ ಮಾನಕ ವಿಚಲನೆಯ ಎರಡರಷ್ಟಕ್ಕಿಂತ ಕಡಿಮೆ ಇದ್ದರೆ ಅದನ್ನು ಬಿಡಬೇಡಿ. ನಮ್ಮಲ್ಲಿ ವೈರಿಂಗ್ ಮತ್ತು ದೀಪಗಳ ದಾರಿಗಳು ಈ ಗೆರೆಯೊಳಗೆ ಬರುತ್ತವೆ, ಪೈಪಿನದು ಬರುವುದಿಲ್ಲ. ಇಂತಹ ದಾರಿಗಳು ಮೂರು ನಾಲ್ಕಕ್ಕಿಂತ ಹೆಚ್ಚಾದರೆ ಕೈಲೆಕ್ಕ ಸಾಲದು. ಪ್ರತಿ ಕೆಲಸಕ್ಕೂ ಯಾದೃಚ್ಛಿಕ ಅವಧಿಯನ್ನು ಆರಿಸಿ ಇಡೀ ಜಾಲವನ್ನು ಸಾವಿರಾರು ಬಾರಿ ಓಡಿಸುವ ಮಾಂಟೆ ಕಾರ್ಲೊ ವಿಧಾನಕ್ಕೆ ಹೋಗಬೇಕು.

## ಹಂತ 8: ದಿನಾಂಕ ಹೇಳುವ ಮೊದಲು ಅಗ್ಗದ ದಿನಗಳನ್ನು ಗಳಿಸಿ

ದಿನಾಂಕವನ್ನು ಮುಂದೂಡುವುದೊಂದೇ ಉಪಾಯವಲ್ಲ. ದೀಪಗಳ ಆರ್ಡರನ್ನು ಕೆಡವುವ ಕೆಲಸಕ್ಕಿಂತ 7 ದಿನ ಮೊದಲೇ ಕೊಟ್ಟರೆ ಆ ದಾರಿ 40 ದಿನಗಳಿಗೆ ಇಳಿಯುತ್ತದೆ, 58 ದಿನಗಳೊಳಗೆ ಅದು ಮುಗಿಯುವುದು 99 ಪ್ರತಿಶತವನ್ನೂ ಮೀರಿ ಖಚಿತವಾಗುತ್ತದೆ. ನಿವೇಶನದಲ್ಲಿ ಒಬ್ಬ ಕೆಲಸಗಾರನನ್ನೂ ಹೆಚ್ಚಿಸದೆ ಯೋಜನೆಯ ಅತಿ ದೊಡ್ಡ ಅನಿಶ್ಚಿತತೆಯನ್ನು ಹೊರಗಿಟ್ಟಂತಾಯಿತು. ಇದರ ಬದಲು ಬಣ್ಣದ ಕೆಲಸಕ್ಕೆ ಹೆಚ್ಚು ಜನರನ್ನು ಹಾಕಿ ಎರಡು ದಿನ ಉಳಿಸಿದ್ದರೆ ದೀಪಗಳ ದಾರಿಗೆ ಏನೂ ಆಗುತ್ತಿರಲಿಲ್ಲ.

ಆಮೇಲೆ ಮಾಲೀಕರಿಗೆ ಎರಡು ಸಂಖ್ಯೆಗಳನ್ನು ಹೇಳಿ: ನಿರೀಕ್ಷಿತ ಅವಧಿ 52 ದಿನಗಳು, ಮೊದಲ ಸಮಾರಂಭಕ್ಕೆ ಮಂಟಪವನ್ನು ಕೊಡಬಹುದಾದ ದಿನ 60ರ ನಂತರ. ಒಂದೇ ಸಂಖ್ಯೆ ಕೇಳಿದರೆ 60ನ್ನೇ ಹೇಳಿ. ನಡುವಿನ 8 ದಿನಗಳನ್ನು ಯಾವ ಒಂದು ಕೆಲಸಕ್ಕೂ ಹಂಚಬೇಡಿ. ಟೈಲ್ಸ್ ಮೇಸ್ತ್ರಿಗೆ 13ರ ಬದಲು 15 ದಿನ ಇದೆ ಎಂದು ತಿಳಿದರೆ ಕೆಲಸ 15 ದಿನಗಳಿಗೆ ಹಿಗ್ಗುತ್ತದೆ. ಅವು ಇಡೀ ಯೋಜನೆಯ ಕೊನೆಯಲ್ಲಿ ಒಟ್ಟಾಗಿ ಇರಲಿ.

## ಹಂತ 9: ಪ್ರತಿ ಕೆಲಸ ಮುಗಿದಾಗ ಉಳಿದದ್ದನ್ನು ಮರುಲೆಕ್ಕ ಹಾಕಿ

ಮುಗಿದ ಕೆಲಸಕ್ಕೆ ನಿಜವಾದ ದಿನಗಳನ್ನು ಬರೆದು ಅದರ ವೇರಿಯನ್ಸನ್ನು ಸೊನ್ನೆ ಮಾಡಿ. ಕೆಡವುವುದು 6ರ ಬದಲು 9 ದಿನಗಳಿಗೆ ಮುಗಿಯಿತು ಎಂದುಕೊಳ್ಳಿ. ಉಳಿದ ದಾರಿ 46 ದಿನಗಳದ್ದಾದ್ದರಿಂದ ಹೊಸ ನಿರೀಕ್ಷಿತ ಅವಧಿ 55. ಉಳಿದ ವೇರಿಯನ್ಸ್ 13.67, ಮಾನಕ ವಿಚಲನೆ 3.70. ಕ್ರಿಟಿಕಲ್ ಪಾತ್ ಒಂದನ್ನೇ ನೋಡಿದರೂ 58 ದಿನಗಳ ಸಂಭವನೀಯತೆ 94ರಿಂದ 79ಕ್ಕೆ ಕುಸಿದಿರುತ್ತದೆ. 60 ದಿನಗಳದ್ದು 98ರಿಂದ 91ಕ್ಕೆ ಬಂದಿರುತ್ತದೆ.

ಮೂರು ದಿನ ತಡವಾಯಿತು ಎಂಬುದಕ್ಕಿಂತ ಏಕೆ ತಡವಾಯಿತು ಎಂಬುದನ್ನು ಇಲ್ಲಿ ಕೇಳಬೇಕು. ಹಳೆಯ ಸೀಲಿಂಗಿನ ಹಿಂದೆ ತೇವ ಹಿಡಿದ ಕಾಂಕ್ರೀಟು ಕಂಡದ್ದೇ ಕಾರಣವಾಗಿದ್ದರೆ ಛಾವಣಿ ಕೆಲಸದ 6, 9, 18 ಎಂಬ ಅಂದಾಜು ಹಳತಾಯಿತು. ಮೇಸ್ತ್ರಿಯನ್ನು ಮತ್ತೆ ಕರೆದು, ಈಗ ಕಣ್ಣೆದುರಿಗಿರುವ ಛಾವಣಿಯನ್ನು ತೋರಿಸಿ, ಮೂರು ಸಂಖ್ಯೆಗಳನ್ನೂ ಹೊಸದಾಗಿ ಕೇಳಿ. ತಡಕ್ಕೆ ಕಾರಣ ಅವಶೇಷ ಸಾಗಿಸುವ ವಾಹನ ಬಾರದಿದ್ದುದು ಮಾತ್ರವಾಗಿದ್ದರೆ ಹಳೆಯ ಅಂದಾಜುಗಳನ್ನು ಹಾಗೆಯೇ ಉಳಿಸಿಕೊಂಡು, ಕೊನೆಯಲ್ಲಿಟ್ಟ 8 ದಿನಗಳಲ್ಲಿ 3ನ್ನು ಕಳೆದು, ಉಳಿದ 5 ದಿನಗಳ ಲೆಕ್ಕವನ್ನು ಮಾಲೀಕರಿಗೆ ಅದೇ ದಿನ ತಿಳಿಸಿ.